ನಾಟಕ ಮುಂದಕ್ಕೆ ಹೋಯಿತು, ಟಿಕೆಟ್ ಕೊಂಡವರಿಗೆ ಹೇಳುವುದು ಹೇಗೆ?

ಒಂದು ಹವ್ಯಾಸಿ ನಾಟಕ ತಂಡ ಅಂದುಕೊಳ್ಳಿ. ಜೂನ್ 13, ಶನಿವಾರ ಸಂಜೆ ಪ್ರದರ್ಶನ. ಸಭಾಂಗಣದಲ್ಲಿ 350 ಆಸನ, ಅದರಲ್ಲಿ 312 ಆಗಲೇ ಮಾರಿಹೋಗಿವೆ. ಆನ್‌ಲೈನ್ ಟಿಕೆಟ್ ತಾಣದಲ್ಲಿ 198, ತಂಡದ ಬ್ಯಾಂಕ್ ಖಾತೆಗೆ ನೇರವಾಗಿ ಹಣ ಹಾಕಿದವರಿಗೆ 70, ಕೈಯಿಂದ ಕೈಗೆ ನಗದಿಗೆ 44. ಮಂಗಳವಾರ ಬೆಳಿಗ್ಗೆ ಸಭಾಂಗಣದವರ ಫೋನ್ ಬರುತ್ತದೆ: ನಿನ್ನೆ ರಾತ್ರಿ ಮುಖ್ಯ ವಿದ್ಯುತ್ ಪ್ಯಾನೆಲ್ ಸುಟ್ಟಿದೆ, ಶನಿವಾರಕ್ಕೆ ಆಗುವುದಿಲ್ಲ.

ಇಂಥ ಫೋನ್ ಇಟ್ಟ ಕೂಡಲೇ ಕೈ ಹೋಗುವುದು ಮೊಬೈಲ್ ಗುಂಪಿನ ಕಡೆಗೆ. ‘ನಾಟಕ ಪೋಸ್ಟ್‌ಪೋನ್, ವಿವರ ಆಮೇಲೆ’ ಎಂದು ಒಂದು ಸಾಲು ಹಾಕಿಬಿಟ್ಟರೆ ಮನಸ್ಸು ಹಗುರ. ನಾನೂ ಒಮ್ಮೆ ಹಾಗೆ ಮಾಡಿದವನೇ. ಮರುದಿನ ಸಂಜೆಯವರೆಗೆ ‘ಆಮೇಲೆ ಅಂದರೆ ಯಾವಾಗ’, ‘ನನ್ನ ದುಡ್ಡು’ ಎಂಬ ಎರಡೇ ಪ್ರಶ್ನೆಗೆ ಉತ್ತರ ಹೇಳುತ್ತ ಕೂತಿದ್ದೆ. ಉತ್ತರ ನನಗೇ ಗೊತ್ತಿರಲಿಲ್ಲ, ಅದೇ ತೊಂದರೆ. ಅಂದಿನಿಂದ ಕ್ರಮ ಬದಲಾಗಿದೆ. ಮೊದಲು ದಿನಾಂಕ ಗಟ್ಟಿ ಮಾಡಿಕೊಳ್ಳುವುದು, ಆಮೇಲೆ ಹಣ ಹೇಗೆ ವಾಪಸ್ ಹೋಗುತ್ತದೆ ಎಂದು ತೀರ್ಮಾನಿಸುವುದು, ಕೊನೆಗೆ ಬರೆಯುವುದು.

ಮೊದಲ ಅರ್ಧ ದಿನ

ಎಲ್ಲಕ್ಕಿಂತ ಮುಂಚೆ ಟಿಕೆಟ್ ಮಾರಾಟ ನಿಲ್ಲಿಸಿ. ಮುಂದೂಡುವುದು ಖಚಿತವಾದ ಮೇಲೂ ಜೂನ್ 13ರ ಟಿಕೆಟ್ ಮಾರಾಟವಾಗುತ್ತಲೇ ಇದ್ದರೆ, ಕೊಂಡವರು ಮೋಸ ಮಾಡಿದಿರಿ ಎನ್ನುತ್ತಾರೆ; ಅವರ ಮಾತು ತಪ್ಪೂ ಅಲ್ಲ. ನಗದಿಗೆ ಮಾರುವ ಸ್ವಯಂಸೇವಕರ ಕೈಯಲ್ಲಿ ಎಷ್ಟು ಟಿಕೆಟ್ ಉಳಿದಿವೆ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂಬುದನ್ನು ಅಂದೇ ಬರೆದುಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಟಿಕೆಟ್ ತಾಣದಲ್ಲಿ ಮಾರಾಟ ನಿಲ್ಲಿಸುವುದು ಬೇರೆ, ಕಾರ್ಯಕ್ರಮ ‘ರದ್ದು’ ಮಾಡುವುದು ಬೇರೆ. ಕೆಲವು ತಾಣಗಳಲ್ಲಿ ರದ್ದು ಗುಂಡಿ ಒತ್ತಿದರೆ ಎಲ್ಲ ಟಿಕೆಟ್ ಅಸಿಂಧುವಾಗಿ, ಎಲ್ಲರಿಗೂ ಹಣ ತಾನಾಗಿಯೇ ವಾಪಸ್ ಹೊರಟುಬಿಡುತ್ತದೆ. 198 ಟಿಕೆಟ್ ಮತ್ತೆ ಮೊದಲಿನಿಂದ ಮಾರಬೇಕು. ಇನ್ನು ಕೆಲವು ತಾಣಗಳಲ್ಲಿ ದಿನಾಂಕ ತಿದ್ದಿದ ಕ್ಷಣವೇ ಕೊಂಡವರಿಗೆಲ್ಲ ಒಂದು ಇಮೇಲ್ ಹೋಗುತ್ತದೆ, ನಿಮ್ಮ ಪ್ರಕಟಣೆ ಇನ್ನೂ ಸಿದ್ಧವಾಗಿರದಿದ್ದರೂ. ಹಾಗಾಗಿ ಮೊದಲ ದಿನ ಮಾರಾಟ ಮಾತ್ರ ನಿಲ್ಲಿಸಿ. ತಾಣದಲ್ಲಿ ದಿನಾಂಕ ಬದಲಿಸುವ ಕೆಲಸ ಪ್ರಕಟಣೆ ಕಳಿಸುವ ಗಳಿಗೆಗೆ ಇರಲಿ.

ಮುಂದಿನದು ಹೊಸ ದಿನಾಂಕ. ಸಭಾಂಗಣದವರು ಫೋನಿನಲ್ಲಿ ‘ಜುಲೈ 11 ಖಾಲಿ ಇದೆ’ ಎಂದರೆ ಅದು ದಿನಾಂಕ ಆಗಲಿಲ್ಲ. ಸಭಾಂಗಣ ನಮ್ಮ ಹೆಸರಿಗೆ ಕಾದಿರಿಸಿದೆ ಎಂಬ ಬರಹ ಬೇಕು. ಮುಖ್ಯ ಪಾತ್ರಧಾರಿಗಳು, ಬೆಳಕಿನವರು, ಧ್ವನಿಯವರು, ಬಾಗಿಲಲ್ಲಿ ನಿಲ್ಲುವವರು ಎಲ್ಲರೂ ‘ಬರುತ್ತೇವೆ’ ಅನ್ನಬೇಕು. ದುರಸ್ತಿ ಯಾವಾಗ ಮುಗಿಯುತ್ತದೆ ಎಂದು ಕೇಳಿ, ಅವರು ಹೇಳಿದ ದಿನಕ್ಕೂ ನಿಮ್ಮ ದಿನಕ್ಕೂ ನಡುವೆ ಕನಿಷ್ಠ ಒಂದು ವಾರ ಬಿಡಿ. ನಮ್ಮ ಉದಾಹರಣೆಯಲ್ಲಿ ಮೂರು ವಾರ ಬೇಕು ಎಂದಿದ್ದಾರೆ, ಅಂದರೆ ಜೂನ್ 30ರ ಹೊತ್ತಿಗೆ. ಜುಲೈ 4 ಖಾಲಿ ಇದ್ದರೂ ಬೇಡ, ಜುಲೈ 11 ಇರಲಿ. ಒಂದು ಸಲ ಮುಂದೂಡಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ಎರಡನೇ ಸಲ ಮುಂದೂಡಿದರೆ ಹಣ ವಾಪಸ್ ಕೇಳುವ ಸಾಲು ಹೊಸದಾಗಿ ಶುರುವಾಗುತ್ತದೆ, ಮೊದಲ ಸಲ ಸುಮ್ಮನಿದ್ದವರೂ ಅದರಲ್ಲಿ ನಿಂತಿರುತ್ತಾರೆ.

ದಿನಾಂಕ ಸಿಗುವುದು ತಡವಾದರೆ? ಶನಿವಾರದ ನಾಟಕಕ್ಕೆ ದೂರದಿಂದ ಹೊರಡುವವರು ಶುಕ್ರವಾರವೇ ಹೊರಟಿರಬಹುದು. ಬುಧವಾರ ಮಧ್ಯಾಹ್ನದ ಹೊತ್ತಿಗೂ ಹೊಸ ದಿನ ಗಟ್ಟಿಯಾಗಿರದಿದ್ದರೆ ಎರಡು ಕಂತಿನಲ್ಲಿ ಹೇಳಿ. ಮೊದಲ ಕಂತಿನಲ್ಲಿ ಮೂರೇ ವಿಷಯ: ಜೂನ್ 13ರಂದು ನಾಟಕ ಇಲ್ಲ, ನಿಮ್ಮ ಹಣ ಭದ್ರವಾಗಿದೆ, ಹೊಸ ದಿನಾಂಕ ಮತ್ತು ಹಣ ವಾಪಸಿನ ವಿವರ ಗುರುವಾರ ಸಂಜೆ 6ರೊಳಗೆ ಇದೇ ವಿಳಾಸದಿಂದ ಬರುತ್ತದೆ. ‘ಶೀಘ್ರದಲ್ಲೇ’ ಎಂದು ಮಾತ್ರ ಬರೆಯಬೇಡಿ. ಗುರುವಾರ ಸಂಜೆಯ ಹೊತ್ತಿಗೂ ದಿನಾಂಕ ಸಿಗದಿದ್ದರೆ, ಸಿಕ್ಕಿಲ್ಲ ಎಂದೇ ಆ ಹೊತ್ತಿಗೆ ಬರೆಯಿರಿ.

ಸುಮ್ಮನಿದ್ದವರ ಟಿಕೆಟ್ ಏನಾಗುತ್ತದೆ?

ಪ್ರಕಟಣೆಯ ಒಂದು ಪದ ಬರೆಯುವ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಇದು. ಪ್ರಕಟಣೆ ಓದಿ ಉತ್ತರ ಕೊಡದವರು, ಓದದೇ ಇರುವವರು ಯಾವಾಗಲೂ ಇರುತ್ತಾರೆ, ಬಹುಪಾಲು ಅವರೇ. ಅವರ ಟಿಕೆಟ್ ಹೊಸ ದಿನಕ್ಕೆ ತಾನಾಗಿ ನಡೆಯುತ್ತದೆಯೋ, ಅಥವಾ ‘ಬರುತ್ತೇನೆ’ ಎಂದು ಹೇಳಿದರೆ ಮಾತ್ರ ನಡೆಯುತ್ತದೆಯೋ? ನನ್ನ ಮಟ್ಟಿಗೆ ಮೊದಲನೆಯದೇ ಸರಿ. ಸುಮ್ಮನಿದ್ದವರ ಟಿಕೆಟ್ ನಡೆಯಬೇಕು, ಕೆಲಸ ಇರಬೇಕಾದದ್ದು ಹಣ ಬೇಕಾದವರಿಗೆ ಮಾತ್ರ. ತಿರುಗಿಸಿ ಮಾಡಿದರೆ ಜುಲೈ 11ರಂದು ಬಾಗಿಲಲ್ಲಿ, ಹಣ ಕೊಟ್ಟ ಟಿಕೆಟ್ ಹಿಡಿದವರನ್ನು ‘ನೀವು ಹೇಳಿರಲಿಲ್ಲ’ ಎಂದು ವಾಪಸ್ ಕಳಿಸಬೇಕಾಗುತ್ತದೆ.

ಎರಡನೆಯದು ಗಡುವು. ನಮ್ಮ ತಂಡ ಬುಧವಾರ, ಜೂನ್ 10ರಂದು ಪ್ರಕಟಣೆ ಕಳಿಸುತ್ತದೆ. ಹಣ ಕೇಳಲು ಜೂನ್ 28, ಭಾನುವಾರ ರಾತ್ರಿ 9ರವರೆಗೆ ಸಮಯ. ಜನರಿಗೆ ಹದಿನೆಂಟು ದಿನ ಸಿಗುತ್ತದೆ, ತಂಡಕ್ಕೆ ಖಾಲಿಯಾದ ಆಸನ ಮತ್ತೆ ಮಾರಲು ಹದಿಮೂರು ದಿನ ಉಳಿಯುತ್ತದೆ. ಗಡುವನ್ನು ‘28ರ ಮಧ್ಯರಾತ್ರಿ’ ಎಂದು ಬರೆಯುವುದುಂಟು. ಅದು 27 ಕಳೆದು 28 ಹುಟ್ಟುವ ಗಳಿಗೆಯೋ, 28 ಮುಗಿಯುವ ಗಳಿಗೆಯೋ ಎಂದು ಅರ್ಧ ಜನಕ್ಕೆ ಅನುಮಾನ. ರಾತ್ರಿ 9 ಎಂದರೆ ಯಾರಿಗೂ ಅನುಮಾನವಿಲ್ಲ.

ಈ ಗಡುವು ನಿಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು ಎಂಬುದು ನೆನಪಿರಲಿ. ದಿನಾಂಕ ಬದಲಾದರೆ ಕೊಂಡವರಿಗೆ ಯಾವ ಹಕ್ಕಿದೆ ಎಂಬುದು ಆಯಾ ಜಾಗದ ಕಾನೂನು, ಟಿಕೆಟ್ ತಾಣದ ಷರತ್ತು, ಟಿಕೆಟ್ ಮೇಲೆ ನೀವೇ ಅಚ್ಚು ಹಾಕಿಸಿದ ಸಾಲು, ಈ ಮೂರನ್ನೂ ಅವಲಂಬಿಸಿರುತ್ತದೆ. ಗಡುವು ಬರೆಯುವ ಮೊದಲು ಮೂರನ್ನೂ ಓದಿಕೊಳ್ಳಿ. ‘ಟಿಕೆಟ್ ಹಣ ವಾಪಸ್ ಇಲ್ಲ’ ಎಂದು ಟಿಕೆಟ್ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದರೂ, ಹೇಳಿದ ದಿನ ನೀವೇ ನಾಟಕ ಆಡದಿದ್ದಾಗ ಆ ಸಾಲನ್ನು ಹಿಡಿದು ವಾದಿಸುವುದು ನಡೆಯುವ ಮಾತಲ್ಲ.

ಮೂರನೆಯದು ಹಣ ಎಲ್ಲಿದೆ ಎಂಬುದು. ಮಾರಿದ ಹಣದಲ್ಲಿ ಒಂದಷ್ಟು ವೇಷಭೂಷಣಕ್ಕೆ, ಪರದೆಗೆ ಖರ್ಚಾಗಿರುತ್ತದೆ. ಕಾರ್ಡ್ ಪಾವತಿಯ ರಿಫಂಡ್ ಸಾಮಾನ್ಯವಾಗಿ ತಾಣದಲ್ಲಿ ನಿಮ್ಮ ಹೆಸರಿಗಿರುವ ಬಾಕಿ ಹಣದಿಂದ ಹೋಗುತ್ತದೆ; ಆ ಹಣವನ್ನು ಆಗಲೇ ನಿಮ್ಮ ಖಾತೆಗೆ ಎಳೆದುಕೊಂಡಿದ್ದರೆ ರಿಫಂಡ್ ನಿಂತುಹೋಗಬಹುದು, ಅಥವಾ ಲೆಕ್ಕ ಸಾಲಕ್ಕೆ ಇಳಿಯಬಹುದು. ಜೊತೆಗೆ, ಕೊಳ್ಳುವಾಗ ಕಡಿತವಾದ ಸೇವಾ ಶುಲ್ಕವನ್ನು ಪಾವತಿ ಸಂಸ್ಥೆಗಳು ರಿಫಂಡ್ ಮಾಡಿದಾಗಲೂ ಬಹಳ ಸಲ ವಾಪಸ್ ಕೊಡುವುದಿಲ್ಲ. ಶುಲ್ಕ ನೂರಕ್ಕೆ ನಾಲ್ಕು ಎಂದಿಟ್ಟುಕೊಂಡರೆ, 41 ಟಿಕೆಟ್‌ಗೆ ಹಣ ವಾಪಸ್ ಮಾಡಿದಾಗ ಒಂದೂವರೆ ಟಿಕೆಟ್‌ಗಿಂತ ತುಸು ಹೆಚ್ಚು ಹಣ ತಂಡದ ಕೈಯಿಂದ ಹೋಗುತ್ತದೆ. ಅದನ್ನು ತಂಡವೇ ನುಂಗಿಕೊಳ್ಳಲಿ. ನೂರು ಕೊಟ್ಟವನಿಗೆ ತೊಂಬತ್ತಾರು ಕೊಟ್ಟು ಮೂರು ಪತ್ರ ಬರೆಯುವುದಕ್ಕಿಂತ ಅದು ಅಗ್ಗ.

‘ಅನಿವಾರ್ಯ ಕಾರಣಗಳಿಂದ’

ನಮ್ಮ ಪ್ರಕಟಣೆಗಳಲ್ಲಿ ಈ ಎರಡು ಪದ ಬಾರದ ದಿನವಿಲ್ಲ. ‘ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮವನ್ನು ಮುಂದೂಡಲಾಗಿದೆ.’ ಇದನ್ನು ಓದಿದವರು ಕಾರಣವನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ: ಟಿಕೆಟ್ ಹೋಗಿಲ್ಲ, ತಂಡದೊಳಗೆ ಜಗಳ, ದುಡ್ಡು ಮುಗಿದಿದೆ. ‘ಮುಂದೂಡಲಾಗಿದೆ’ ಎಂಬುದರಲ್ಲಿ ಮುಂದೂಡಿದವರು ಯಾರು ಎಂಬುದೂ ಇಲ್ಲ. ‘ಮುಂದೂಡಿದ್ದೇವೆ’ ಎಂದರೆ ಸಾಕು, ಹೊಣೆ ಹೊತ್ತವರೊಬ್ಬರು ಕಾಣಿಸುತ್ತಾರೆ.

ಕಾರಣಕ್ಕೆ ಎರಡು ವಾಕ್ಯ ಸಾಕು. ಏನಾಯಿತು, ಅದರಿಂದ ಯಾಕೆ ನಡೆಸಲಾಗದು. ಪ್ಯಾನೆಲ್ ಸುಟ್ಟಿದೆ, ದುರಸ್ತಿಯಾಗಿ ತಪಾಸಣೆ ಮುಗಿಯುವವರೆಗೆ ಸಭಾಂಗಣ ಮುಚ್ಚಿರುತ್ತದೆ. ಸಭಾಂಗಣದವರ ನಿರ್ಲಕ್ಷ್ಯ, ವೈರಿಂಗ್ ಹಳೆಯದು ಎಂಬ ಮಾತೆಲ್ಲ ಬೇಡ. ಜುಲೈ 11ಕ್ಕೆ ಅವರ ಬಾಗಿಲಿಗೇ ಹೋಗಬೇಕು. ಕಾರಣ ಒಬ್ಬರ ಅನಾರೋಗ್ಯವಾದರೆ ‘ಮುಖ್ಯ ಪಾತ್ರಧಾರಿಗೆ ಆರೋಗ್ಯ ಸರಿಯಿಲ್ಲ’ ಎಂಬಲ್ಲಿಗೆ ನಿಲ್ಲಿಸಿ. ಯಾವ ಕಾಯಿಲೆ, ಯಾವ ಆಸ್ಪತ್ರೆ ಎಂಬುದನ್ನು ಹೇಳುವ ಹಕ್ಕು ಅವರದ್ದು. ಟಿಕೆಟ್ ಕಡಿಮೆ ಹೋಗಿದ್ದೇ ಕಾರಣವಾದರೆ ಅದಕ್ಕೆ ಬೇರೆ ಕಥೆ ಕಟ್ಟಬೇಡಿ. ‘ತಯಾರಿಗೆ ಇನ್ನಷ್ಟು ಸಮಯ ಬೇಕು’ ಎಂದು ಬರೆದು, ಆಮೇಲೆ ತಂಡದವರೇ ಒಬ್ಬರು ನಿಜ ಹೇಳಿಬಿಟ್ಟರೆ ಹಣ ವಾಪಸ್ ಕೊಡುತ್ತೇವೆ ಎಂಬ ಮಾತನ್ನೂ ಯಾರೂ ನಂಬುವುದಿಲ್ಲ.

ಪ್ರಕಟಣೆಯ ಪಠ್ಯ

ಕೊಂಡವರಿಗೆ ಹೋಗುವ ಇಮೇಲ್ ಹೀಗಿರಬಹುದು.

ವಿಷಯ: ಜೂನ್ 13ರ ನಾಟಕ ಜುಲೈ 11ಕ್ಕೆ, ನಿಮ್ಮ ಟಿಕೆಟ್ ಹಾಗೆಯೇ ನಡೆಯುತ್ತದೆ

ಪ್ರಿಯ ಪ್ರೇಕ್ಷಕರೇ,

ಜೂನ್ 13, ಶನಿವಾರ ನಡೆಯಬೇಕಿದ್ದ ನಮ್ಮ ನಾಟಕವನ್ನು ಜುಲೈ 11, ಶನಿವಾರಕ್ಕೆ ಮುಂದೂಡಿದ್ದೇವೆ. ಸಭಾಂಗಣ ಅದೇ. ಬಾಗಿಲು ತೆರೆಯುವುದು ಸಂಜೆ 6ಕ್ಕೆ, ನಾಟಕ ಶುರುವಾಗುವುದು 6.30ಕ್ಕೆ.

ಸಭಾಂಗಣದ ಮುಖ್ಯ ವಿದ್ಯುತ್ ಪ್ಯಾನೆಲ್ ಸೋಮವಾರ ರಾತ್ರಿ ಸುಟ್ಟುಹೋಗಿದೆ. ದುರಸ್ತಿಯಾಗಿ ಸುರಕ್ಷತಾ ತಪಾಸಣೆ ಮುಗಿಯುವವರೆಗೆ ಅಲ್ಲಿ ಕಾರ್ಯಕ್ರಮ ನಡೆಸುವಂತಿಲ್ಲ. ನಿಮಗಾದ ತೊಂದರೆಗೆ ಕ್ಷಮೆ ಇರಲಿ.

ಜುಲೈ 11ಕ್ಕೆ ಬರುವವರು ಏನೂ ಮಾಡಬೇಕಾಗಿಲ್ಲ. ಟಿಕೆಟ್ ಮೇಲೆ ಜೂನ್ 13 ಎಂದಿದ್ದರೂ ಅದೇ ಟಿಕೆಟ್, ಅದೇ ಆಸನ.

ಬರಲಾಗದವರಿಗೆ ಟಿಕೆಟ್‌ನ ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಜೂನ್ 28, ಭಾನುವಾರ ರಾತ್ರಿ 9ರೊಳಗೆ ಈ ಇಮೇಲ್‌ಗೆ ಉತ್ತರಿಸಿ, ಆರ್ಡರ್ ಸಂಖ್ಯೆ ಮತ್ತು ಎಷ್ಟು ಟಿಕೆಟ್‌ನ ಹಣ ಬೇಕು ಎಂಬುದನ್ನು ಬರೆಯಿರಿ. ಹಣ ಯಾವ ಕಾರ್ಡ್ ಅಥವಾ ಖಾತೆಯಿಂದ ಬಂದಿತ್ತೋ ಅಲ್ಲಿಗೇ ಹೋಗುತ್ತದೆ. ನಾವು 3 ಕೆಲಸದ ದಿನದೊಳಗೆ ಕಳಿಸುತ್ತೇವೆ. ಕಾರ್ಡ್‌ನವರಿಗೆ ಅದು ಖಾತೆಯಲ್ಲಿ ಕಾಣಿಸಲು ಮತ್ತೆ 5ರಿಂದ 10 ಕೆಲಸದ ದಿನ ಹಿಡಿಯಬಹುದು. ನಗದು ಕೊಟ್ಟು ಕೊಂಡವರು ಜೂನ್ 20 ಅಥವಾ 27, ಶನಿವಾರ ಸಂಜೆ 5ರಿಂದ 7ರವರೆಗೆ ತಾಲೀಮಿನ ಕೊಠಡಿಗೆ ಟಿಕೆಟ್ ತಂದು ಹಣ ಪಡೆಯಬಹುದು.

ಬೇರೆಯವರಿಗಾಗಿ ಟಿಕೆಟ್ ಕೊಂಡಿದ್ದರೆ ದಯವಿಟ್ಟು ಅವರಿಗೂ ತಿಳಿಸಿ. ಹಣ ವಾಪಸ್ ಮಾಡಲು ನಾವು ಎಂದೂ ಕಾರ್ಡ್ ಸಂಖ್ಯೆ, ಪಿನ್, ಒಟಿಪಿ ಕೇಳುವುದಿಲ್ಲ.

ಇಷ್ಟೇ. ಹಳೆಯ ದಿನಾಂಕ ಮತ್ತು ಹೊಸ ದಿನಾಂಕ ಒಂದೇ ವಾಕ್ಯದಲ್ಲಿವೆ, ಎರಡಕ್ಕೂ ವಾರದ ಹೆಸರಿದೆ. ‘ಮುಂದಿನ ಶನಿವಾರ’, ‘ಬರುವ ಶನಿವಾರ’ ಎಂಬ ಮಾತನ್ನು ಒಬ್ಬೊಬ್ಬರು ಒಂದೊಂದು ಶನಿವಾರಕ್ಕೆ ಹಚ್ಚುತ್ತಾರೆ. ದಿನಾಂಕವೂ ವಾರವೂ ತಾಳೆಯಾಗುತ್ತವೆಯೇ ಎಂದು ಕಳಿಸುವ ಮುನ್ನ ಇನ್ನೊಬ್ಬರ ಕೈಯಲ್ಲಿ ಕ್ಯಾಲೆಂಡರ್ ಕೊಟ್ಟು ನೋಡಿಸಿ. ಬರೆದವರ ಕಣ್ಣಿಗೆ ತಪ್ಪು ಬೀಳುವುದಿಲ್ಲ. ಕೊನೆಯ ಸಾಲು ಸುಮ್ಮನೆ ಹಾಕಿದ್ದಲ್ಲ. ಹಣ ವಾಪಸ್ ಎಂಬ ಸುದ್ದಿ ಹರಡಿದ ಮೇಲೆ ‘ಈ ಕೊಂಡಿ ಒತ್ತಿ, ಹಣ ಪಡೆಯಿರಿ’ ಎಂಬ ನಕಲಿ ಸಂದೇಶ ಬೇರೆಯವರಿಂದ ಬರಬಹುದು.

ಎಸ್‌ಎಂಎಸ್ ಕಳಿಸುವುದಾದರೆ ಕನ್ನಡದವರಿಗೆ ಒಂದು ಇಕ್ಕಟ್ಟಿದೆ. ಇಂಗ್ಲಿಷ್ ಅಕ್ಷರದ ಒಂದು ಸಂದೇಶಕ್ಕೆ 160 ಸ್ಥಾನ, ಕನ್ನಡದ ಸಂದೇಶಕ್ಕೆ 70 ಮಾತ್ರ. ಅದರ ಮೇಲೆ ಗುಣಿತದ ಚಿಹ್ನೆ, ಒತ್ತು, ಅನುಸ್ವಾರ ಎಲ್ಲವೂ ಬೇರೆ ಬೇರೆ ಸ್ಥಾನ ತಿನ್ನುತ್ತವೆ. ‘ಮುಂದೂಡಲಾಗಿದೆ’ ಕಣ್ಣಿಗೆ ಆರು ಅಕ್ಷರ, ಲೆಕ್ಕದಲ್ಲಿ 12. ಉದ್ದವಾದರೆ ಸಂದೇಶ ತುಂಡಾಗಿ, ಒಂದರ ಬದಲು ಎರಡು ಮೂರರ ಖರ್ಚು ಬೀಳುತ್ತದೆ. ಹೀಗೆ ಬರೆದರೆ ಒಂದರಲ್ಲೇ ಮುಗಿಯುತ್ತದೆ, 66 ಸ್ಥಾನ:

ಜೂನ್ 13ರ ನಾಟಕ ಜುಲೈ 11 ಶನಿವಾರಕ್ಕೆ. ಟಿಕೆಟ್ ಅದೇ. ಹಣ ಬೇಕೇ? ಇಮೇಲ್ ನೋಡಿ.

ಕಳಿಸುವ ಕ್ರಮವೂ ಮುಖ್ಯ. ಮೊದಲು ತಂಡದವರಿಗೆ ಮತ್ತು ಟಿಕೆಟ್ ಮಾರಿದ ಸ್ವಯಂಸೇವಕರಿಗೆ, ಏಕೆಂದರೆ ಫೋನ್ ಹೋಗುವುದು ಅವರಿಗೇ. ಅವರು ಓದಿಕೊಂಡ ಮೇಲೆ ಟಿಕೆಟ್ ಕೊಂಡವರಿಗೆ. ಆಗಲೇ ತಾಣದಲ್ಲೂ ದಿನಾಂಕ ತಿದ್ದಿ. ಒಂದೆರಡು ಗಂಟೆ ಬಿಟ್ಟು ಸಾರ್ವಜನಿಕರಿಗೆ. ಪೋಸ್ಟರ್‌ಗೆ ಬೇರೆಯೇ ಬಣ್ಣ ಇರಲಿ, ಹಳೆಯ ಪೋಸ್ಟರ್ ಮೇಲೆ ಸಣ್ಣದಾಗಿ ಹೊಸ ದಿನಾಂಕ ಅಂಟಿಸಬೇಡಿ. ಮೊಬೈಲಿನಲ್ಲಿ ಹಳೆಯದೂ ಹೊಸದೂ ಒಂದೇ ಥರ ಕಂಡರೆ ಜನ ಹಳೆಯದನ್ನೇ ಇನ್ನೊಬ್ಬರಿಗೆ ಕಳಿಸುತ್ತಾರೆ.

ಹಣ ವಾಪಸ್ ಮಾಡುವ ಕೆಲಸ

ಒಬ್ಬರಿಗೇ ವಹಿಸಿ, ಒಂದೇ ಪಟ್ಟಿ ಇಟ್ಟುಕೊಳ್ಳಿ. ಆರ್ಡರ್ ಅಥವಾ ಟಿಕೆಟ್ ಸಂಖ್ಯೆ, ಕೊಂಡವರ ಹೆಸರು, ಹೇಗೆ ಕೊಟ್ಟರು, ಎಷ್ಟು ಕೊಂಡರು, ಎಷ್ಟಕ್ಕೆ ಹಣ ಕೇಳಿದರು, ಕೇಳಿದ ದಿನ, ಕಳಿಸಿದ ದಿನ, ವ್ಯವಹಾರದ ಉಲ್ಲೇಖ ಸಂಖ್ಯೆ. ಫೋನಿನಲ್ಲಿ ಕೇಳಿದವರನ್ನೂ ಗುಂಪಿನಲ್ಲಿ ಕೇಳಿದವರನ್ನೂ ಇದೇ ಪಟ್ಟಿಗೆ ತನ್ನಿ. ಇಬ್ಬರು ಎರಡು ಪಟ್ಟಿ ಇಟ್ಟುಕೊಂಡರೆ ಒಬ್ಬರಿಗೇ ಎರಡು ಸಲ ಹಣ ಹೋಗುವುದು ಖಂಡಿತ.

ನಮ್ಮ ತಂಡಕ್ಕೆ ಆನ್‌ಲೈನ್‌ನಲ್ಲಿ 41, ನೇರ ಖಾತೆಯವರಿಂದ 9, ನಗದಿನವರಿಂದ 6 ಟಿಕೆಟ್‌ಗೆ ಬೇಡಿಕೆ ಬಂತು ಎನ್ನೋಣ. ಮೂರಕ್ಕೂ ದಾರಿ ಬೇರೆ.

ಆನ್‌ಲೈನ್‌ನದು ಸುಲಭ. ತಾಣದ ಒಳಗಿಂದಲೇ ಆ ಆರ್ಡರ್‌ಗೆ ರಿಫಂಡ್ ಕೊಡಿ, ಹಣ ಬಂದ ಕಾರ್ಡ್‌ಗೇ ಹೋಗುತ್ತದೆ. ನಾಲ್ಕು ಕೊಂಡವರು ಎರಡಕ್ಕೆ ಮಾತ್ರ ಕೇಳಿದ್ದರೆ ಭಾಗಶಃ ರಿಫಂಡ್ ಆಯ್ದು, ಯಾವ ಎರಡು ಟಿಕೆಟ್ ಅಸಿಂಧುವಾದವು ಎಂದು ನೋಡಿ. ಹಣದ ಮೊತ್ತ ಮಾತ್ರ ಕೊಟ್ಟರೆ ನಾಲ್ಕೂ ಟಿಕೆಟ್ ಬಾಗಿಲಲ್ಲಿ ಹಸಿರು ತೋರಿಸುವ ತಾಣಗಳಿವೆ. ವಾರ ಕಳೆದರೂ ಬಂದಿಲ್ಲ ಎಂದವರಿಗೆ ರಿಫಂಡ್‌ನ ಉಲ್ಲೇಖ ಸಂಖ್ಯೆ ಕೊಡಿ, ಅದರಿಂದ ಅವರ ಬ್ಯಾಂಕ್ ಹುಡುಕಬಲ್ಲದು. ಕೊಂಡು ಒಂದೆರಡು ದಿನವಷ್ಟೇ ಆಗಿದ್ದರೆ ಬೇರೆ ಸಾಧ್ಯತೆಯೂ ಇದೆ: ರಿಫಂಡ್ ಎಂಬ ಹೊಸ ಸಾಲು ಕಾಣಿಸುವ ಬದಲು ಮೊದಲಿನ ಕಡಿತವೇ ಅಳಿಸಿಹೋಗಿರಬಹುದು.

ಕೆಲವರು ನಿಮ್ಮನ್ನು ಕೇಳುವ ಬದಲು ನೇರವಾಗಿ ಬ್ಯಾಂಕಿಗೆ ‘ಈ ಪಾವತಿಗೆ ತಕರಾರಿದೆ’ ಎಂದು ಬರೆಯುತ್ತಾರೆ. ಆಗ ಬ್ಯಾಂಕ್ ಹಣವನ್ನು ನಿಮ್ಮಿಂದ ಎಳೆದುಕೊಂಡಿರುತ್ತದೆ, ಮೇಲೊಂದು ದಂಡ ಶುಲ್ಕವೂ ಬೀಳಬಹುದು. ಗಾಬರಿಯಲ್ಲಿ ನೀವೂ ರಿಫಂಡ್ ಒತ್ತಿದರೆ ಹಣ ಎರಡು ಸಲ ಹೋಗುತ್ತದೆ. ಹಣ ಕೇಳಿ ಇಮೇಲ್ ಬಂದಾಗಲೆಲ್ಲ ಆ ಆರ್ಡರ್ ಮೇಲೆ ತಕರಾರು ಇದೆಯೇ ಎಂದು ಮೊದಲು ನೋಡುವುದು ಒಂದು ನಿಮಿಷದ ಕೆಲಸ.

ನೇರ ಖಾತೆಯವರ 9 ಟಿಕೆಟ್ ಕಡಿಮೆ ಎನಿಸಿದರೂ ಹೆಚ್ಚು ಎಚ್ಚರ ಇಲ್ಲಿ ಬೇಕು. ಹಣ ಯಾವ ಖಾತೆಯಿಂದ ಬಂದಿತ್ತೋ ಅದಕ್ಕೇ ಕಳಿಸಿ. ‘ಆ ಖಾತೆ ಈಗ ಇಲ್ಲ, ನನ್ನ ತಮ್ಮನ ಖಾತೆಗೆ ಹಾಕಿ’ ಎಂದು ಸಂದೇಶ ಬಂದರೆ, ಸಂದೇಶ ಬಂದ ಸಂಖ್ಯೆಗೆ ಉತ್ತರಿಸಬೇಡಿ. ಟಿಕೆಟ್ ಕೊಳ್ಳುವಾಗ ಕೊಟ್ಟಿದ್ದ ಸಂಖ್ಯೆಗೆ ಫೋನ್ ಮಾಡಿ ಕೇಳಿ. ನಿಜವೇ ಆಗಿದ್ದರೆ ಅವರು ಬೇಸರಪಡುವುದಿಲ್ಲ.

ನಗದಿನವರು ಬಂದಾಗ ಟಿಕೆಟ್ ವಾಪಸ್ ತೆಗೆದುಕೊಂಡು, ಹಣ ಕೊಟ್ಟು, ಪಟ್ಟಿಯಲ್ಲಿ ಸಹಿ ಹಾಕಿಸಿ. ಟಿಕೆಟನ್ನು ಅವರ ಎದುರೇ ಹರಿಯಿರಿ. ಟಿಕೆಟ್ ಕಳೆದುಕೊಂಡವರು ಬರುತ್ತಾರೆ. ಮಾರಿದ ಸ್ವಯಂಸೇವಕರು ಗುರುತಿಸಿದರೆ ಕೊಟ್ಟುಬಿಡಿ, ಆ ಟಿಕೆಟ್ ಸಂಖ್ಯೆಯನ್ನು ಮಾತ್ರ ಅಸಿಂಧು ಪಟ್ಟಿಗೆ ಸೇರಿಸಿ. ಗಡುವು ದಾಟಿ ಜುಲೈ 2ರಂದು ಕೇಳಿದವರಿಗೂ, ಆಸನ ಮತ್ತೆ ಮಾರಿಹೋಗುವಂತಿದ್ದರೆ, ನಾನು ಕೊಡುತ್ತೇನೆ. ಆದರೆ ಅದನ್ನು ಪ್ರಕಟಣೆಯಲ್ಲಿ ಬರೆಯುವುದಿಲ್ಲ.

56 ಟಿಕೆಟ್ ವಾಪಸ್ ಬಂದ ಮೇಲೆ ಉಳಿದದ್ದು 256, ಖಾಲಿ ಆಸನ 94. ಜೂನ್ 29, ಸೋಮವಾರ ಬೆಳಿಗ್ಗೆ ಮಾರಾಟ ಮತ್ತೆ ತೆರೆಯಬಹುದು. ತೆರೆಯುವ ಮುನ್ನ ಅಸಿಂಧು ಪಟ್ಟಿಯನ್ನೂ ತಾಣದ ಲೆಕ್ಕವನ್ನೂ ಒಮ್ಮೆ ತಾಳೆ ನೋಡಿ, ಒಂದೇ ಆಸನ ಇಬ್ಬರಿಗೆ ಹೋಗದಿರಲಿ. ಜುಲೈ 11ರಂದು ಬಾಗಿಲಲ್ಲಿ ನಿಲ್ಲುವವರ ಕೈಯಲ್ಲಿ ಆ ಪಟ್ಟಿ ಕಾಗದದ ಮೇಲೆ ಇರಬೇಕು. ಜೂನ್ 13 ಎಂದು ಅಚ್ಚಾದ ಟಿಕೆಟ್ ನಡೆಯುತ್ತದೆ ಎಂಬುದನ್ನೂ ಅವರಿಗೆ ಬಾಯಿಬಿಟ್ಟು ಹೇಳಿ.

ಇನ್ನು ಜೂನ್ 13ರ ಸಂಜೆ. ನಗದಿಗೆ ಕೊಂಡ 44 ಟಿಕೆಟ್‌ಗಳಲ್ಲಿ ಎಷ್ಟೋ ಯಾರ ಕೈಯಲ್ಲಿವೆ ಎಂದು ನಿಮಗೆ ಗೊತ್ತಿರುವುದಿಲ್ಲ. ಅವರಿಗೆ ಇಮೇಲ್ ಹೋಗಿಲ್ಲ, ಎಸ್‌ಎಂಎಸ್ ಹೋಗಿಲ್ಲ. ಮುಚ್ಚಿದ ಬಾಗಿಲಿಗೆ ದೊಡ್ಡ ಅಕ್ಷರದ ಕಾಗದ ಅಂಟಿಸಿ. ಅದರ ಪಕ್ಕದಲ್ಲಿ ಸಂಜೆ 5.30ರಿಂದ 7ರವರೆಗೆ ತಂಡದ ಒಬ್ಬರು ಪಟ್ಟಿ, ಪೆನ್ನು, ಒಂದಿಷ್ಟು ನಗದು ಇಟ್ಟುಕೊಂಡು ನಿಂತಿರಲಿ. ಬಂದವರು ಹಣ ಬೇಕೆಂದರೆ ಅಲ್ಲೇ ಕೊಟ್ಟು ಸಹಿ ಹಾಕಿಸಿ, ಬೇಡವೆಂದರೆ ಫೋನ್ ಸಂಖ್ಯೆ ಬರೆದುಕೊಳ್ಳಿ.